ಹಳೆಯ ಸ್ಕೂಟರಿಗೆ ತೆರಿಗೆ: ಬೆಲೆಯ ಮೇಲೋ, ಮೇಲಿನ ದುಡ್ಡಿನ ಮೇಲೋ?

ಮಿಲ್ಲಿನ ಗೇಟಿನ ಹೊರಗೆ, ಪಾಳಿ ಬದಲಾಗುವ ಹೊತ್ತಿಗೆ, 2024ರ ಡಿಸೆಂಬರ್ ಕೊನೆಯಲ್ಲಿ ಒಂದು ಮಾತು ಹಬ್ಬಿತ್ತು. ಇನ್ನು ಮೇಲೆ ಹಳೆಯ ಗಾಡಿಯನ್ನು ಮಾರಿದವರೆಲ್ಲರೂ ಸರ್ಕಾರಕ್ಕೆ ನೂರಕ್ಕೆ ಹದಿನೆಂಟರಂತೆ ಕಟ್ಟಬೇಕಂತೆ. ಎಂಬತ್ತು ಸಾವಿರಕ್ಕೆ ಕೊಂಡ ಸ್ಕೂಟರನ್ನು ನಲವತ್ತಕ್ಕೆ ಮಾರಿದರೆ, ಕಳೆದುಕೊಂಡ ನಲವತ್ತು ಸಾವಿರದ ಮೇಲೆಯೇ ತೆರಿಗೆಯಂತೆ. ನಷ್ಟಕ್ಕೆ ತೆರಿಗೆ ಹಾಕುವ ಸರ್ಕಾರವನ್ನು ಎಲ್ಲಿಯಾದರೂ ಕಂಡಿದ್ದೀರಾ ಎಂದು ಕೇಳಿದವರುಂಟು. ಹೆದರಿ, ಮಾರಬೇಕೆಂದಿದ್ದ ಗಾಡಿಯನ್ನು ಮನೆಯಲ್ಲಿಯೇ ನಿಲ್ಲಿಸಿಕೊಂಡವರೂ ಉಂಟು.

ಆ ಮಾತು ಸುಳ್ಳು. ಆದರೆ ಸುಳ್ಳಿನ ಹಿಂದೆ ಒಂದು ನಿಜವಾದ ಬದಲಾವಣೆ ಇತ್ತು. ಅದು ದುಡಿಯುವವನ ಜೇಬನ್ನೂ ಸಣ್ಣ ವ್ಯಾಪಾರಿಯ ಗಲ್ಲಾಪೆಟ್ಟಿಗೆಯನ್ನೂ ಮುಟ್ಟುವಂಥದು. ಸುಳ್ಳಿಗೆ ಹೆದರುತ್ತ ಕುಳಿತರೆ ನಿಜವಾದ ಅನ್ಯಾಯವನ್ನು ಕೇಳಲು ಬಾಯಿ ಬರುವುದಿಲ್ಲ. ಆದುದರಿಂದ ಲೆಕ್ಕವನ್ನು ಮೊದಲಿನಿಂದ ಬಿಡಿಸಿ ನೋಡೋಣ.

ಮೊದಲ ಮಾತು: ತನ್ನ ಸ್ವಂತ ಬಳಕೆಗೆ ಕೊಂಡ ಸ್ಕೂಟರನ್ನು ಕಾರ್ಮಿಕನೊಬ್ಬನು ನೆರೆಯವನಿಗೆ ಮಾರಲಿ, ಅಂಗಡಿಗೆ ಮಾರಲಿ, ಅವನು ಜಿ.ಎಸ್.ಟಿ. ಕಟ್ಟಬೇಕಾಗಿಲ್ಲ. ಅವನು ಗಾಡಿಗಳ ವ್ಯಾಪಾರಿಯಲ್ಲ; ಅವನ ಮಾರಾಟ ವ್ಯಾಪಾರವಲ್ಲ. ನೋಂದಣಿಯಿಲ್ಲದ ಅಂಥವನಿಂದ ಕೊಂಡ ಹಳೆಯ ಮಾಲಿಗೆ, ಅವನ ಬದಲು ಅಂಗಡಿಯವನೂ ಖರೀದಿಯ ತೆರಿಗೆ ಕಟ್ಟಬೇಕಾಗಿಲ್ಲವೆಂದು 2017ರಲ್ಲಿಯೇ ವಿನಾಯಿತಿ ಕೊಡಲಾಗಿದೆ. ತೆರಿಗೆಯ ಪ್ರಶ್ನೆ ಏಳುವುದು ಹಳೆಯ ಮಾಲನ್ನು ಕೊಂಡು ಮಾರುವುದನ್ನೇ ಕಸುಬಾಗಿ ಮಾಡಿಕೊಂಡ, ನೋಂದಣಿಯಾದ ಅಂಗಡಿಯವನು ಅದನ್ನು ಮರಳಿ ಮಾರಿದಾಗ. ಅವನಿಗೂ ಪೂರ್ತಿ ಬೆಲೆಯ ಮೇಲೆ ಅಲ್ಲ, ಅಸಲಿನ ಮೇಲೆ ಅವನು ಹಾಕಿಕೊಂಡ ದುಡ್ಡಿನ ಮೇಲೆ ಮಾತ್ರ. ಇದನ್ನೇ ವ್ಯಾಪಾರಿಗಳು ಮಾರ್ಜಿನ್ ಸ್ಕೀಮು ಎನ್ನುತ್ತಾರೆ. ಕೇಂದ್ರ ಜಿ.ಎಸ್.ಟಿ. ನಿಯಮಗಳಲ್ಲಿ 32ನೆಯ ನಿಯಮದ 5ನೆಯ ಉಪನಿಯಮವೇ ಇದರ ಬುಡ.

ಹೀಗೇಕೆ ಮಾಡಿದರು? ವ್ಯಾಪಾರಿಯ ಮೇಲಿನ ಮಮತೆಯಿಂದಲ್ಲ. ಒಂದು ಸ್ಕೂಟರಿನ ಕಥೆಯನ್ನು ಹಿಡಿದು ಹೋದರೆ ಕಾರಣ ತಾನೇ ಕಾಣುತ್ತದೆ.

2019ರಲ್ಲಿ ಒಬ್ಬ ನೂಲುವ ವಿಭಾಗದ ಕೆಲಸಗಾರನು ಹೊಸ ಸ್ಕೂಟರು ಕೊಂಡನೆನ್ನೋಣ. ತೆರಿಗೆಯಿಲ್ಲದ ಬೆಲೆ 70,000 ರೂಪಾಯಿ. ಆಗ ಅದರ ಮೇಲಿನ ಜಿ.ಎಸ್.ಟಿ. ನೂರಕ್ಕೆ 28, ಅಂದರೆ 19,600. ರಸ್ತೆ ತೆರಿಗೆ, ವಿಮೆಗಳನ್ನು ಬದಿಗಿಟ್ಟರೆ ಅವನು ತೆತ್ತದ್ದು 89,600. ಈ 19,600 ರೂಪಾಯಿಯನ್ನು ಅವನು ಯಾರಿಂದಲೂ ವಾಪಸು ಪಡೆಯುವಂತಿಲ್ಲ. ಅದು ಗಾಡಿಯ ಬೆಲೆಯೊಳಗೇ ಸೇರಿಹೋಯಿತು. ಐದು ವರ್ಷ ಓಡಿಸಿ, ಮಗಳ ಮದುವೆಯ ಖರ್ಚಿಗೆಂದು ಗಾಡಿಯನ್ನು ಅರ್ಧ ಬೆಲೆಗೆ, 44,800 ರೂಪಾಯಿಗೆ, ಅಂಗಡಿಗೆ ಕೊಟ್ಟನು. ಬೆಲೆ ಅರ್ಧಕ್ಕಿಳಿದಾಗ ಒಳಗಿನ ತೆರಿಗೆಯೂ ಅರ್ಧಕ್ಕಿಳಿಯಿತು. ಅಂದರೆ ಆ 44,800ರಲ್ಲಿ 9,800 ರೂಪಾಯಿ ಹಿಂದೆಯೇ ಸರ್ಕಾರದ ಬೊಕ್ಕಸ ಸೇರಿದ ಹಳೆಯ ತೆರಿಗೆ.

ಹೊಸ ಮಾಲಿನ ವ್ಯಾಪಾರದಲ್ಲಾದರೆ ಅಂಗಡಿಯವನು ಖರೀದಿಯಲ್ಲಿ ತೆತ್ತ ತೆರಿಗೆಯನ್ನು ಮಾರಾಟದ ತೆರಿಗೆಯಲ್ಲಿ ಕಳೆದುಕೊಳ್ಳುತ್ತಾನೆ. ಅದಕ್ಕೆ ತೆರಿಗೆ ನಮೂದಾದ ಬಿಲ್ಲು ಬೇಕು. ನೂಲುವ ವಿಭಾಗದ ಕೆಲಸಗಾರನು ಎಲ್ಲಿಂದ ಅಂಥ ಬಿಲ್ಲು ತಂದಾನು? ಆ 9,800 ರೂಪಾಯಿ ಯಾರ ಲೆಕ್ಕಕ್ಕೂ ಜಮೆಯಾಗುವುದಿಲ್ಲ. ಅಂಗಡಿಯವನು ಅದೇ ಗಾಡಿಗೆ 6,000 ಮೇಲೆ ಹಾಕಿ 50,800ಕ್ಕೆ ಮಾರಿದಾಗ, ಪೂರ್ತಿ ಬೆಲೆಯ ಮೇಲೆ ನೂರಕ್ಕೆ 18 ವಿಧಿಸಿದರೆ 9,144 ರೂಪಾಯಿ ಆಗುತ್ತದೆ. ಅವನು ಮೇಲೆ ಹಾಕಿದ್ದೇ 6,000, ತೆರಿಗೆ 9,144! ಅದೂ ಒಮ್ಮೆ ತೆರಿಗೆ ತೆತ್ತ ಮಾಲಿನ ಮೇಲೆ, ತೆರಿಗೆಯನ್ನೂ ಸೇರಿಸಿದ ಬೆಲೆಯ ಮೇಲೆ. ಹಾಗೆ ಮಾಡಿದರೆ ಅಂಗಡಿಯ ಬಾಗಿಲು ಮುಚ್ಚುತ್ತದೆ, ಇಲ್ಲವೆ ವ್ಯಾಪಾರವೆಲ್ಲ ಬಿಲ್ಲಿಲ್ಲದೆ ಬೀದಿಬದಿಯಲ್ಲಿ ನಡೆಯುತ್ತದೆ. ಆದುದರಿಂದ 6,000 ರೂಪಾಯಿಯ ಮೇಲೆ ಮಾತ್ರ ತೆರಿಗೆ: 1,080 ರೂಪಾಯಿ. ಗಾಡಿಯ ಹಳೆಯ ಬೆಲೆ ಹಿಂದೆ ತೆರಿಗೆ ತೆತ್ತಾಗಿದೆ. ಹೊಸದಾಗಿ ಸೇರಿದ್ದು ಅಂಗಡಿಯವನ ಶ್ರಮ, ಬಂಡವಾಳ, ಲಾಭ. ಅಷ್ಟಕ್ಕೆ ತೆರಿಗೆ. ತತ್ತ್ವ ನ್ಯಾಯವಾದದ್ದು, ಅದರಲ್ಲಿ ನಮ್ಮ ತಕರಾರಿಲ್ಲ.

ಈಗ ಬದಲಾವಣೆಯ ಮಾತಿಗೆ ಬರೋಣ. 2018ರ ಜನವರಿ 25ರಿಂದ ಹಳೆಯ ವಾಹನಗಳಿಗೆ ಎರಡು ದರಗಳಿದ್ದವು. ದೊಡ್ಡ ಎಂಜಿನ್ನಿನ, ನಾಲ್ಕು ಮೀಟರಿಗೆ ಕಡಮೆಯಿಲ್ಲದ ಉದ್ದದ ಕಾರುಗಳಿಗೂ ಎಸ್.ಯು.ವಿ. ಎನ್ನುವ ಭಾರಿ ಗಾಡಿಗಳಿಗೂ ಮಾರ್ಜಿನ್ನಿನ ಮೇಲೆ ನೂರಕ್ಕೆ 18. ಉಳಿದುವಕ್ಕೆ, ಅಂದರೆ ಸಣ್ಣ ಕಾರು, ಸ್ಕೂಟರು, ಮೋಟಾರು ಸೈಕಲ್ಲುಗಳಿಗೆ, ನೂರಕ್ಕೆ 12. 2024ರ ಡಿಸೆಂಬರ್ 21ರಂದು ಜೈಸಲ್ಮೇರಿನಲ್ಲಿ ಸೇರಿದ ಜಿ.ಎಸ್.ಟಿ. ಮಂಡಳಿಯ 55ನೆಯ ಸಭೆಯು ಎಲ್ಲಕ್ಕೂ ಒಂದೇ ದರ ಇರಲೆಂದು ಶಿಫಾರಸು ಮಾಡಿತು. 2025ರ ಜನವರಿ 16ರಿಂದ ಎಲ್ಲ ಹಳೆಯ ವಾಹನಗಳಿಗೂ 18 ಆಯಿತು. ನಮ್ಮ ಸ್ಕೂಟರಿನ ಮಾರ್ಜಿನ್ನಿನ ಮೇಲೆ ಹಿಂದೆ 720 ಇದ್ದದ್ದು 1,080 ಆಯಿತು.

ಒಂದೇ ದರವೆಂದರೆ ಕೇಳುವುದಕ್ಕೆ ಇಂಪಾಗಿರುತ್ತದೆ. ಆದರೆ ಸಮ ಮಾಡುವುದಕ್ಕೆ ಎರಡು ದಾರಿಗಳಿವೆ: ಮೇಲಿನದನ್ನು ಇಳಿಸಬಹುದು, ಕೆಳಗಿನದನ್ನು ಏರಿಸಬಹುದು. ಇಲ್ಲಿ ದೊಡ್ಡ ಮೋಟಾರಿನವನಿಗೆ ಒಂದು ಕಾಸೂ ಹೆಚ್ಚಾಗಲಿಲ್ಲ, ಹೆಚ್ಚಾದದ್ದು ಸ್ಕೂಟರಿನವನಿಗೆ. 360 ರೂಪಾಯಿ ಏನು ಮಹಾ ಎನ್ನಬಹುದು. ಅದು ಅಂಗಡಿಯವನ ಕೈಯಿಂದ ಹೋಗುವುದಿಲ್ಲವೆಂಬುದನ್ನು ನೆನಪಿಡಬೇಕು. ಅವನು ಮಾರುವ ಬೆಲೆಯನ್ನು ಏರಿಸುತ್ತಾನೆ. ಏರಿಸಲಾಗದಿದ್ದರೆ ಕೊಳ್ಳುವ ಬೆಲೆಯನ್ನು ಇಳಿಸುತ್ತಾನೆ. ಹಳೆಯ ಸ್ಕೂಟರನ್ನು ಕೊಳ್ಳುವವನೂ ಮಾರುವವನೂ ಇಬ್ಬರೂ ಅದೇ ಮಿಲ್ಲಿನ ಗೇಟಿನಿಂದ ಬಂದವರು.

ಇದಕ್ಕಿಂತ ದೊಡ್ಡ ಏಟು ಬಿದ್ದದ್ದು ಸದ್ದಿಲ್ಲದೆ, ಎಲ್ಲರೂ ಸಂತೋಷಪಟ್ಟ ದಿನವೇ. 2025ರ ಸೆಪ್ಟೆಂಬರ್ 22ರಿಂದ 350 ಸಿ.ಸಿ.ವರೆಗಿನ ಹೊಸ ದ್ವಿಚಕ್ರ ವಾಹನಗಳ ತೆರಿಗೆ 28ರಿಂದ 18ಕ್ಕೆ ಇಳಿಯಿತು. ಒಳ್ಳೆಯದೇ. 70,000ದ ಸ್ಕೂಟರು 89,600ರಿಂದ 82,600ಕ್ಕೆ ಬಂದಿತು. 7,000 ರೂಪಾಯಿ ಇಳಿತ. ಹೊಸದು ಅಗ್ಗವಾದರೆ ಹಳೆಯದಕ್ಕೆ ಮೊದಲಿನ ಬೆಲೆ ಕೊಡುವವರು ಯಾರು? ಆಗಸ್ಟಿನಲ್ಲಿ ಹಳೆಯ ಬೆಲೆಗೆ ಗಾಡಿಗಳನ್ನು ಕೊಂಡು ಅಂಗಡಿಯ ಮುಂದೆ ಸಾಲಾಗಿ ನಿಲ್ಲಿಸಿದ್ದವನು ಅಸಲಿಗಿಂತ ಕಡಮೆಗೆ ಮಾರಬೇಕಾದೀತು. ಇಲ್ಲಿ ನಿಯಮದ ಒಂದು ಸಣ್ಣ ವಾಕ್ಯ ಅವನ ಕುತ್ತಿಗೆಗೆ ಬರುತ್ತದೆ. ಕೊಂಡ ಬೆಲೆಗೂ ಮಾರಿದ ಬೆಲೆಗೂ ಇರುವ ವ್ಯತ್ಯಾಸ ಸೊನ್ನೆಗಿಂತ ಕೆಳಗಿದ್ದರೆ ಅದನ್ನು ಗಣನೆಗೆ ತೆಗೆದುಕೊಳ್ಳತಕ್ಕದ್ದಲ್ಲ ಎಂದು ನಿಯಮ ಹೇಳುತ್ತದೆ.

ಇದರಲ್ಲಿ ಎರಡು ಅರ್ಥಗಳಿವೆ. ಒಂದು, ನಷ್ಟಕ್ಕೆ ಮಾರಿದ ಗಾಡಿಗೆ ತೆರಿಗೆ ಇಲ್ಲ. ಡಿಸೆಂಬರಿನ ವದಂತಿಗೆ ಇದೇ ಉತ್ತರ. ಎರಡು, ಆ ನಷ್ಟವನ್ನು ಇನ್ನೊಂದು ಗಾಡಿಯ ಲಾಭದಲ್ಲಿ ಕಳೆಯುವಂತಿಲ್ಲ. ಲೆಕ್ಕ ಗಾಡಿ ಗಾಡಿಗೂ ಬೇರೆ. ಅಂಗಡಿಯವನು ಒಂದು ಸ್ಕೂಟರನ್ನು 44,800ಕ್ಕೆ ಕೊಂಡು 50,800ಕ್ಕೆ ಮಾರಿದ, ಲಾಭ 6,000. ಅದೇ ತಿಂಗಳು ಇನ್ನೊಂದನ್ನು 40,000ಕ್ಕೆ ಕೊಂಡದ್ದನ್ನು 35,000ಕ್ಕೆ ಮಾರಬೇಕಾಯಿತು, ನಷ್ಟ 5,000. ಎರಡೂ ಸೇರಿ ಅವನಿಗೆ ಉಳಿದದ್ದು 1,000 ರೂಪಾಯಿ. ಕಟ್ಟಬೇಕಾದ ತೆರಿಗೆ 1,080. ಗಿರಾಕಿಯಿಂದ ಬೇರೆಯಾಗಿ ವಸೂಲು ಮಾಡಲಾರದೆ ಹೋದರೆ, ತಿಂಗಳೆಲ್ಲ ದುಡಿದು ಕೈಯಿಂದ 80 ರೂಪಾಯಿ ಹಾಕಿ ಸರ್ಕಾರಕ್ಕೆ ಕೊಡಬೇಕು! ಮೇಲಿನ ದುಡ್ಡಿಗೆ ಮಾತ್ರ ತೆರಿಗೆಯೆಂಬ ತತ್ತ್ವ ಇಲ್ಲಿ ಎಲ್ಲಿ ಹೋಯಿತು?

ರಿಪೇರಿಯ ಖರ್ಚಿನದೂ ಇದೇ ಪಾಡು. ನಿಯಮ ಕೇಳುವುದು ಎರಡೇ ಅಂಕಿ: ಕೊಂಡ ಬೆಲೆ, ಮಾರಿದ ಬೆಲೆ. ನಡುವೆ ಬೀದಿಯ ಮೆಕ್ಯಾನಿಕ್ಕಿಗೆ ಕೊಟ್ಟ 2,500 ರೂಪಾಯಿ ಕೂಲಿಗೆ ಲೆಕ್ಕದಲ್ಲಿ ಜಾಗವಿಲ್ಲ. ಆ ಮೆಕ್ಯಾನಿಕ್ಕಿಗೆ ನೋಂದಣಿಯಿಲ್ಲ. ಅವನ ಕೂಲಿಯ ಮೇಲೆ ಕಳೆದುಕೊಳ್ಳಲು ತೆರಿಗೆಯ ಬಿಲ್ಲೂ ಇಲ್ಲ. ನಿಜವಾಗಿ ಅಂಗಡಿಯವನಿಗೆ ಉಳಿದದ್ದು 3,500. ತೆರಿಗೆ ಮಾತ್ರ 6,000ದ ಮೇಲೆ, ಅದೇ 1,080. ಅವನ ಪಾಲಿಗೆ ದರ ನೂರಕ್ಕೆ ಹದಿನೆಂಟಲ್ಲ, ಸುಮಾರು ಮೂವತ್ತೊಂದು. ಮೆಕ್ಯಾನಿಕ್ಕಿನ ದುಡಿಮೆಯೂ ಗಾಡಿಗೆ ಸೇರಿದ ಮೌಲ್ಯವೇ, ಅದಕ್ಕೂ ತೆರಿಗೆ ಬೀಳಬೇಕಾದ್ದೇ ಎಂದು ಇಲಾಖೆಯವರು ಹೇಳಬಹುದು. ತೆರಿಗೆಯ ತರ್ಕಕ್ಕೆ ಅದು ಸರಿ. ಆದರೆ ಆ ಮೌಲ್ಯದ ತೆರಿಗೆಯನ್ನು ಹೊರುವವನು ಯಾರೆಂಬುದನ್ನು ತಿಳಿದು ಮಾತನಾಡಬೇಕು.

ಇಷ್ಟು ಸರ್ಕಾರಕ್ಕೆ ಹೇಳಬೇಕಾದದ್ದು. ಸಣ್ಣ ವ್ಯಾಪಾರಿಗಳಿಗೆ ಹೇಳಬೇಕಾದದ್ದೂ ಉಂಟು. ಈ ಸೌಲಭ್ಯ ತಾನಾಗಿ ಉಳಿಯುವುದಿಲ್ಲ. ಮೂರು ಕಡೆ ಜಾರಿಹೋಗುತ್ತದೆ.

ಮೊದಲನೆಯದು, ಆಸೆಯಿಂದ ತೆಗೆದುಕೊಂಡ ಕ್ರೆಡಿಟ್ಟು. ಆ ಗಾಡಿಯ ಖರೀದಿಯ ಮೇಲೆ ಇನ್‌ಪುಟ್ ಕ್ರೆಡಿಟ್ ತೆಗೆದುಕೊಂಡಿದ್ದರೆ ಮಾರ್ಜಿನ್ ಲೆಕ್ಕ ಸಿಕ್ಕುವುದಿಲ್ಲ. ಒಂದು ಕಂಪನಿ ತನ್ನ ಹಳೆಯ ಸ್ಕೂಟರನ್ನು ಒಟ್ಟು 30,000ಕ್ಕೆ ಮಾರಿ, ಅದರೊಳಗೆ 540 ರೂಪಾಯಿ ತೆರಿಗೆ ತೋರಿಸಿ ಬಿಲ್ಲು ಕೊಟ್ಟಿತೆನ್ನಿ. ಆ 540 ಮುಂದಿನ ತಿಂಗಳು GSTR-2B ಪಟ್ಟಿಯಲ್ಲಿ ತಾನಾಗಿ ಬಂದು ಕೂರುತ್ತದೆ. ಲೆಕ್ಕ ಬರೆಯುವ ಹುಡುಗ ಬಂದದ್ದನ್ನೆಲ್ಲ ಜಮೆ ಹಿಡಿದುಬಿಡುತ್ತಾನೆ. ಗಾಡಿ 34,000ಕ್ಕೆ ಮಾರಾಟವಾದಾಗ ಮಾರ್ಜಿನ್ 4,000. ತೆರಿಗೆ 720 ಆಗಬೇಕಿತ್ತು. ಈಗ ಪೂರ್ತಿ 34,000ದ ಮೇಲೆ 6,120. ಜಮೆಯಾದ 540 ಕಳೆದರೂ 5,580. ಐನೂರರ ಆಸೆಗೆ ಐದು ಸಾವಿರದ ಗುಂಡಿ. ಪ್ರತಿ ತಿಂಗಳು ರಿಟರ್ನ್ ಕಳಿಸುವ ಮುನ್ನ ಆ ಪಟ್ಟಿಯನ್ನು ಹಳೆಯ ಮಾಲಿನ ಖರೀದಿ ಪುಸ್ತಕದ ಪಕ್ಕದಲ್ಲಿಟ್ಟು ನೋಡಿದರೆ ತಪ್ಪು ಕೂಡಲೇ ಸಿಕ್ಕುತ್ತದೆ.

ಎರಡನೆಯದು, ಅಸಲಿಗೆ ದಾಖಲೆ ಇಲ್ಲದಿರುವುದು. ಮಾರಿದ ಬೆಲೆ ಬಿಲ್ಲಿನಲ್ಲಿ ಇರುತ್ತದೆ. ಕೊಂಡ ಬೆಲೆ ಬಾಯಿಮಾತಿನಲ್ಲಿ. ತನಿಖೆಗೆ ಬಂದ ಅಧಿಕಾರಿಯ ಮುಂದೆ ಅಸಲನ್ನು ತೋರಿಸಲಾಗದಿದ್ದರೆ ಪೂರ್ತಿ ಬೆಲೆಯೇ ಮಾರ್ಜಿನ್ ಆಗುವ ಅಪಾಯವಿದೆ. ಗಾಡಿಗೊಂದು ಪುಟ ಇಡಬೇಕು: ಮಾರಿದವನ ಹೆಸರು, ವಿಳಾಸ, ಗಾಡಿಯ ನಂಬರು, ಆರ್.ಸಿ. ಪುಸ್ತಕದ ನಕಲು, ಕೊಟ್ಟ ಹಣ, ಅವನ ರುಜು. ಸಾಧ್ಯವಾದಷ್ಟು ಹಣ ಬ್ಯಾಂಕಿನ ಮೂಲಕವೇ ಹೋಗಲಿ. ಅದೇ ಪುಟದ ಕೆಳಗೆ ಮಾರಿದ ಬಿಲ್ಲಿನ ನಂಬರು. ಕಾರ್ಮಿಕರಿಗೂ ಇದರಲ್ಲಿ ಒಂದು ಪಾಠವಿದೆ: ಕೈಗೆ ಬಂದ ಬೆಲೆಗಿಂತ ಹೆಚ್ಚು ಬರೆದ ಕಾಗದಕ್ಕೆ ರುಜು ಹಾಕಬೇಡಿ. ಅಸಲನ್ನು ಹಿಗ್ಗಿಸಿ ಮಾರ್ಜಿನ್ ಕುಗ್ಗಿಸುವ ಹಳೆಯ ಚಾಳಿ ಅದು. ನಾಳೆ ವಿಚಾರಣೆಗೆ ಕರೆಯುವುದು ರುಜು ಹಾಕಿದವನನ್ನು.

ಮೂರನೆಯದು, ಮಾಲಿನ ಸ್ವರೂಪ ಬದಲಾಗುವುದು. ಕೊಂಡದ್ದನ್ನು ಹಾಗೆಯೇ, ಇಲ್ಲವೆ ಸ್ವರೂಪ ಕೆಡದಂಥ ಸಣ್ಣ ಪುಟ್ಟ ಕೆಲಸ ಮಾಡಿ ಮಾರಿದರೆ ಮಾತ್ರ ಈ ಲೆಕ್ಕ. ಹಳೆಯ ಚಿನ್ನದ ವಿಷಯದಲ್ಲಿ ಬೆಂಗಳೂರಿನ ವ್ಯಾಪಾರಸ್ಥರೊಬ್ಬರು ಕರ್ನಾಟಕದ ಮುಂಗಡ ತೀರ್ಪು ಪ್ರಾಧಿಕಾರದ ಮುಂದೆ ಈ ಪ್ರಶ್ನೆಯನ್ನಿಟ್ಟಿದ್ದರು. ಜನರಿಂದ ಕೊಂಡ ಹಳೆಯ ಒಡವೆಯನ್ನು ತೊಳೆದು, ಮೆರುಗು ಕೊಟ್ಟು, ಒಡವೆಯಾಗಿಯೇ ಮಾರಿದರೆ ಮಾರ್ಜಿನ್ ಮೇಲೆ ತೆರಿಗೆ ಸಾಕೆಂದು 2021ರಲ್ಲಿ ಪ್ರಾಧಿಕಾರ ಹೇಳಿತು. ಒಂದು ಲಕ್ಷಕ್ಕೆ ಕೊಂಡ ಸರವನ್ನು 1,04,000ಕ್ಕೆ ಮಾರಿದರೆ, ಚಿನ್ನದ ದರ ನೂರಕ್ಕೆ 3ರಂತೆ, 120 ರೂಪಾಯಿ. ಅದೇ ಸರವನ್ನು ಕರಗಿಸಿ ಗಟ್ಟಿ ಮಾಡಿದರೆ ಅದು ಸರವಲ್ಲ. ತೆರಿಗೆ ಪೂರ್ತಿ ಬೆಲೆಯ ಮೇಲೆ, ಅಂದರೆ 3,120. ಸ್ಕೂಟರಿಗೂ ಇದೇ ಅಳತೆ. ಬ್ಯಾಟರಿ ಹಾಕಿ ಬಣ್ಣ ತಿದ್ದಿದರೆ ಅದು ಸ್ಕೂಟರೇ. ಬಿಚ್ಚಿ ಎಂಜಿನ್ ಬೇರೆ, ಚಕ್ರ ಬೇರೆ ಮಾಡಿ ಮಾರಿದರೆ ಕೊಂಡ ಮಾಲು ಬೇರೆ, ಮಾರಿದ ಮಾಲು ಬೇರೆ. ಇಂಥ ತೀರ್ಪು ಕೇಳಿದವನಿಗೂ ಅವನ ಅಧಿಕಾರಿಗೂ ಮಾತ್ರ ಬಂಧಕ ಎಂಬುದು ತಿಳಿದಿರಲಿ. ಉಳಿದವರಿಗೆ ಅದೊಂದು ದಾರಿದೀಪ ಅಷ್ಟೆ.

ಕೊನೆಯದಾಗಿ, ಪರಿಹಾರವಿಲ್ಲದ ದೂರು ಇದಲ್ಲ. ಬ್ರಿಟನ್ನಿನಲ್ಲಿಯೂ ಹಳೆಯ ಮಾಲಿಗೆ ಮಾರ್ಜಿನ್ ತೆರಿಗೆಯೇ. ಆದರೆ ತಲಾ 500 ಪೌಂಡಿಗೆ ಮೀರದ ಬೆಲೆಗೆ ಕೊಂಡ ಸಣ್ಣ ಮಾಲುಗಳಿಗೆ ಅಲ್ಲಿ ಒಟ್ಟು ಲೆಕ್ಕದ ಪದ್ಧತಿಯುಂಟು: ಅವಧಿಯ ಎಲ್ಲ ಮಾರಾಟದಿಂದ ಎಲ್ಲ ಖರೀದಿಯನ್ನು ಕಳೆ, ಉಳಿದದ್ದಕ್ಕೆ ತೆರಿಗೆ, ಖರೀದಿಯೇ ಹೆಚ್ಚಾದರೆ ಆ ಹೆಚ್ಚಳ ಮುಂದಿನ ಅವಧಿಗೆ ಹೋಗುತ್ತದೆ. ಲಾಭವೂ ನಷ್ಟವೂ ಒಂದೇ ತಕ್ಕಡಿಯಲ್ಲಿ ಬೀಳುತ್ತವೆ. ಹಳೆಯ ಹೊಲಿಗೆ ಯಂತ್ರ, ಫ್ಯಾನು, ಮಿಕ್ಸರು, ಪಾತ್ರೆಗಳನ್ನು ಮಾರುವ ನಮ್ಮ ಸಂತೆಬೀದಿಯ ಅಂಗಡಿಗಳಿಗೆ ಇದಕ್ಕಿಂತ ಹೊಂದುವ ಪದ್ಧತಿ ಇನ್ನೊಂದಿಲ್ಲ. ನೂರು ರೂಪಾಯಿಯ ತಪ್ಪಲೆಗೆ ಒಂದು ಪುಟ ಲೆಕ್ಕ ಯಾರು ಬರೆದಾರು?

ಬ್ರಿಟನ್ನಿನ ಆ ಒಟ್ಟು ಲೆಕ್ಕ ಮೋಟಾರು ವಾಹನಗಳಿಗೆ ಸಲ್ಲುವುದಿಲ್ಲವೆಂಬುದನ್ನೂ ಮುಚ್ಚಿಡದೆ ಹೇಳಬೇಕು. ಆದರೂ ವಾಹನಗಳಿಗೆ ಅದನ್ನು ಕೊಡಬಾರದೆಂಬುದಕ್ಕೆ ನಮಗೆ ಬಲವಾದ ಕಾರಣ ಕಾಣುವುದಿಲ್ಲ. ಸುಳ್ಳು ನಷ್ಟ ತೋರಿಸುತ್ತಾರೆಂಬ ಭಯವಿದ್ದರೆ, ಪ್ರತಿಯೊಂದು ಗಾಡಿಗೂ ನಂಬರಿದೆ, ಆರ್.ಸಿ. ಇದೆ, ಹೆಸರು ವರ್ಗಾವಣೆಯ ದಾಖಲೆಯಿದೆ. ಬ್ಯಾಂಕಿನ ಮೂಲಕ ಹಣ ಕೊಟ್ಟು ಕೊಂಡ ಗಾಡಿಯ ನಷ್ಟವನ್ನು ಮಾತ್ರ ಕಳೆಯಬಹುದೆಂದು ನಿಯಮ ಮಾಡಿದರೆ ಭಯವೂ ತೀರಿತು, ನ್ಯಾಯವೂ ಉಳಿಯಿತು.

ಆದುದರಿಂದ ನಮ್ಮ ಕೇಳಿಕೆ ಮೂರೇ. ಸಣ್ಣ ಮಾಲಿನ ಹಳೆಯ ವ್ಯಾಪಾರಕ್ಕೆ ಒಟ್ಟು ಲೆಕ್ಕದ ಪದ್ಧತಿ ಬರಲಿ. ವಾಹನಗಳಲ್ಲಿ ದಾಖಲೆಯುಳ್ಳ ನಷ್ಟವನ್ನು ಅದೇ ಅವಧಿಯ ಲಾಭದಲ್ಲಿ ಕಳೆಯಲು ಬಿಡಲಿ. ದ್ವಿಚಕ್ರ ವಾಹನದ ಮಾರ್ಜಿನ್ ದರವನ್ನು ದೊಡ್ಡ ಮೋಟಾರಿನ ದರದಿಂದ ಬೇರ್ಪಡಿಸಿ ಕೆಳಗಿಳಿಸಲಿ. ವ್ಯಾಪಾರಿ ಸೇರಿಸಿದ ಮೌಲ್ಯಕ್ಕೆ ಮಾತ್ರ ತೆರಿಗೆಯೆಂದು ಸರ್ಕಾರವೇ ಮಾತು ಕೊಟ್ಟಿದೆ. ಸಾವಿರ ಗಳಿಸಿದವನಿಂದ ಸಾವಿರದ ಎಂಬತ್ತು ಕೇಳದಿದ್ದರೆ ಸಾಕು, ಆ ಮಾತನ್ನು ನಡೆಸಿಕೊಟ್ಟಂತೆ.